ಶೇ. 67, ಯಾವುದರಲ್ಲಿ?

(ಸಣ್ಣ ಎಂಜಿನಿಯರಿಂಗ್ ಸೇವಾ ಸಂಸ್ಥೆಗಳವರ ಮುಂದೆ ಆಡಿದ ಮಾತಿನ ಬರಹ ರೂಪ)

ನಮ್ಮದು ಆರು ಜನರ ಸಂಸ್ಥೆ. ಕಾರ್ಖಾನೆಗಳ ಕಂಪ್ರೆಸ್ಡ್ ಏರ್ ಲೈನ್‌ಗಳಲ್ಲಿ ಗಾಳಿ ಎಲ್ಲೆಲ್ಲಿ ಸೋರುತ್ತದೆ ಅಂತ ಹುಡುಕಿ ಸರಿಮಾಡುವುದು ನಮ್ಮ ಕೆಲಸ. ಕೆಲವು ವರ್ಷಗಳ ಹಿಂದೆ ಒಂದು ಕೆಲಸ ಚೆನ್ನಾಗಿ ಆಯಿತು. ಖುಷಿಯಲ್ಲಿ ಒಂದು ಪುಟದ ಕೇಸ್ ಸ್ಟಡಿ ಮಾಡಿದೆವು. ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದು: ‘ಗಾಳಿ ಸೋರಿಕೆ ಶೇ. 67ರಷ್ಟು ಇಳಿಕೆ!’

ಆ ಹಾಳೆ ಹಿಡಿದು ಇನ್ನೊಂದು ಕಾರ್ಖಾನೆಗೆ ಹೋದೆ. ಅಲ್ಲಿನ ಮೇಂಟೆನೆನ್ಸ್ ಮುಖ್ಯಸ್ಥರು ಓದಿ ಕೇಳಿದರು, “67 ಅಂದ್ರೆ ಯಾವುದರಲ್ಲಿ ಸರ್? ಕರೆಂಟಿನಲ್ಲಾ?”

“ಇಲ್ಲ, ಸೋರಿಕೆಯಲ್ಲಿ.”

“ಹಾಗಾದ್ರೆ ಕರೆಂಟ್ ಎಷ್ಟು ಉಳೀತು?”

ನಾನು ಒಂದು ಕ್ಷಣ ತಡವರಿಸಿ, “ಸುಮಾರು ಕಾಲು ಭಾಗ” ಅಂದೆ. ಅವರು ತಲೆ ಎತ್ತಿ ನೋಡಿದರು. “ಆ ಕಂಪ್ರೆಸರ್ ಅನ್‌ಲೋಡ್‌ನಲ್ಲಿ ಓಡುವಾಗ ಎಷ್ಟು ಕಿಲೋವ್ಯಾಟ್ ಎಳೆಯುತ್ತೆ, ಅಳೆದಿದ್ದೀರಾ?”

ಅಳೆದಿದ್ದೆವು. ಆದರೆ ನಮ್ಮ ಹಾಳೆಯಲ್ಲಿ ಅದು ಇರಲಿಲ್ಲ. ನನ್ನ ತಲೆಯಲ್ಲೂ ಇರಲಿಲ್ಲ. ಆ ಕೆಲಸ ನಮಗೆ ಸಿಗಲಿಲ್ಲ.

ಶೇ. 67 ಸುಳ್ಳಲ್ಲ, ಅಳೆದು ಬರೆದದ್ದೇ. ಆದರೆ ಅದನ್ನು ಓದಿದವರು ಮನಸ್ಸಿನಲ್ಲೇ ಅದನ್ನು ಕರೆಂಟ್ ಬಿಲ್ಲಿಗೆ ಹಚ್ಚಿಕೊಳ್ಳುತ್ತಾರೆ ಅಂತ ನಮಗೆ ಗೊತ್ತಿತ್ತು. ನಿಜ ಹೇಳಬೇಕೆಂದರೆ, ಹಚ್ಚಿಕೊಳ್ಳಲಿ ಅಂತಲೇ ದಪ್ಪ ಅಕ್ಷರದಲ್ಲಿ ಹಾಕಿದ್ದೆವು. ಆ ಹಾಳೆಯನ್ನು ಆಮೇಲೆ ಹೇಗೆ ಮತ್ತೆ ಬರೆದೆವು ಅನ್ನೋದನ್ನು ಇವತ್ತು ಹೇಳುತ್ತೇನೆ. ಅಂಕಿಗಳನ್ನು ತಲೆಯಲ್ಲಿ ಇಟ್ಟುಕೊಳ್ಳಲು ಸುಲಭವಾಗಲಿ ಅಂತ ದುಂಡಗೆ ಮಾಡಿದ್ದೇನೆ.

ಮೊದಲು ಆ 67 ಎಲ್ಲಿಂದ ಬಂತು ನೋಡೋಣ. ಅದು ಪೆಟ್ಟಿಗೆಗಳಿಗೆ ಸರಕು ತುಂಬುವ ಕಾರ್ಖಾನೆ. 75 ಕಿಲೋವ್ಯಾಟ್‌ನ ಒಂದು ಸ್ಕ್ರೂ ಕಂಪ್ರೆಸರ್. ವೇಗ ಬದಲಾಗುವ ಬಗೆಯದಲ್ಲ. ಒತ್ತಡ ಕಡಿಮೆಯಾದರೆ ಲೋಡ್ ಆಗುತ್ತದೆ, ಸಾಕಷ್ಟು ಏರಿದರೆ ಅನ್‌ಲೋಡ್ ಆಗುತ್ತದೆ. ಅನ್‌ಲೋಡ್ ಅಂದರೆ ಮೋಟಾರು ತಿರುಗುತ್ತಲೇ ಇರುತ್ತದೆ, ಗಾಳಿ ಮಾತ್ರ ಹೊರಗೆ ಹೋಗುವುದಿಲ್ಲ.

ಇಂಥ ಕಂಪ್ರೆಸರ್ ಇದ್ದರೆ ಸೋರಿಕೆ ಅಳೆಯೋದು ಸುಲಭ. ಒಂದು ರಜಾದಿನ ಹೋಗಬೇಕು. ಗಾಳಿ ಬಳಸುವ ಯಾವ ಯಂತ್ರವೂ ಓಡುತ್ತಿರಬಾರದು. ಕಂಪ್ರೆಸರ್ ಮಾತ್ರ ಚಾಲೂ ಮಾಡಿ, ಪಕ್ಕದಲ್ಲಿ ಸ್ಟಾಪ್‌ವಾಚ್ ಹಿಡಿದು ನಿಲ್ಲಬೇಕು. ಯಾರೂ ಬಳಸದಿದ್ದರೂ ಒತ್ತಡ ಇಳಿಯುತ್ತದೆ, ಯಾಕೆಂದರೆ ಸೋರುತ್ತಿದೆ. ಇಳಿದ ಕೂಡಲೇ ಕಂಪ್ರೆಸರ್ ‘ಧಡ್’ ಅಂತ ಲೋಡ್ ಆಗುತ್ತದೆ. ಎಷ್ಟು ಹೊತ್ತು ಲೋಡ್, ಎಷ್ಟು ಹೊತ್ತು ಅನ್‌ಲೋಡ್, ಬರೆದುಕೊಳ್ಳುತ್ತಾ ಹೋಗುವುದು. ನಮಗೆ ಸಿಕ್ಕಿದ್ದು ಸರಾಸರಿ 3 ನಿಮಿಷ ಲೋಡ್, 7 ನಿಮಿಷ ಅನ್‌ಲೋಡ್. ಹತ್ತರಲ್ಲಿ ಮೂರು. ಅಂದರೆ ಕಂಪ್ರೆಸರ್ ಕೊಡಬಲ್ಲ ಗಾಳಿಯಲ್ಲಿ ಶೇ. 30 ಬರೀ ತೂತುಗಳಿಗೆ ಹೋಗುತ್ತಿತ್ತು.

ಆ ದಿನ ಶೆಡ್‌ನಲ್ಲಿ ನಿಂತರೆ ನಾಲ್ಕೂ ಕಡೆಯಿಂದ ‘ಸುಯ್’ ಅನ್ನುವ ಸದ್ದು. ಕೆಲಸದ ದಿನ ಅದು ಯಾರಿಗೂ ಕೇಳಿಸೋದಿಲ್ಲ. ಕಿವಿಗೆ ಕೇಳದ ಸಣ್ಣ ಸೋರಿಕೆಗೆ ಅಲ್ಟ್ರಾಸಾನಿಕ್ ಡಿಟೆಕ್ಟರ್ ಇತ್ತು. ಅನುಮಾನ ಬಂದ ಕಡೆ ಸೋಪಿನ ನೀರು. 64 ಕಡೆ ನಂಬರಿನ ಟ್ಯಾಗ್ ಕಟ್ಟಿದೆವು. 51 ಸರಿ ಮಾಡಿದೆವು. ಉಳಿದ 13 ಯಂತ್ರಗಳ ಒಳಗಿದ್ದವು, ಅವನ್ನು ಬಿಚ್ಚಲು ದೊಡ್ಡ ಶಟ್‌ಡೌನ್ ಬೇಕಿತ್ತು. ಮತ್ತೊಂದು ರಜಾದಿನ ಅದೇ ಪರೀಕ್ಷೆ ಮಾಡಿದಾಗ ಶೇ. 10 ಬಂತು. 30 ಹೋಗಿ 10 ಆಯಿತು. ಮೂರರಲ್ಲಿ ಎರಡು ಪಾಲು ಹೋಯಿತು. ಅದೇ ನಮ್ಮ 67.

ನಾನು ತಡವರಿಸಿ ಹೇಳಿದ ‘ಕಾಲು ಭಾಗ’ಕ್ಕೂ ಒಂದು ಲೆಕ್ಕ ಇತ್ತು. ಕೆಲಸದ ದಿನಗಳಲ್ಲಿ ಆ ಕಂಪ್ರೆಸರ್ ಶೇ. 80 ಹೊತ್ತು ಲೋಡ್‌ನಲ್ಲಿ ಇರುತ್ತಿತ್ತು. ಸೋರಿಕೆ 20 ಅಂಶ ಇಳಿದ ಮೇಲೆ ಶೇ. 60ಕ್ಕೆ ಬಂತು. 80ರಲ್ಲಿ 20 ಅಂದರೆ ಕಾಲು ಭಾಗ ಗಾಳಿ ಕಡಿಮೆ. ಗಾಳಿ ಕಾಲು ಭಾಗ ಕಡಿಮೆಯಾದರೆ ಕರೆಂಟೂ ಅಷ್ಟೇ ಕಡಿಮೆ, ಅಲ್ವಾ?

ಅಲ್ಲ. ಇಲ್ಲೇ ನಾನು ಸಿಕ್ಕಿಬಿದ್ದದ್ದು. ಈ ಕಂಪ್ರೆಸರ್ ಲೋಡ್‌ನಲ್ಲಿ 80 ಕಿಲೋವ್ಯಾಟ್ ಎಳೆಯುತ್ತಿತ್ತು, ಅನ್‌ಲೋಡ್‌ನಲ್ಲಿ 28. ಒಂದು ಹನಿ ಗಾಳಿ ಕೊಡದೆ ಸುಮ್ನೆ ತಿರುಗುವುದಕ್ಕೇ 28! ನಾವು ತೂತು ಮುಚ್ಚಿದಾಗ ಉಳಿಸಿದ ಆ ಶೇ. 20 ಹೊತ್ತಿನಲ್ಲಿ ಯಂತ್ರ ನಿಲ್ಲಲಿಲ್ಲ, 80ರಿಂದ 28ಕ್ಕೆ ಇಳಿಯಿತು ಅಷ್ಟೇ. ಮೊದಲಿನ ಸರಾಸರಿ 69.6 ಕಿಲೋವ್ಯಾಟ್ ಇತ್ತು, ಆಮೇಲಿನದು 59.2. ಉಳಿದದ್ದು 10.4 ಕಿಲೋವ್ಯಾಟ್, ಅಂದರೆ ಶೇ. 15.

ಇನ್ನೂ ಒಂದು ಇದೆ. ಆ ಕಂಪ್ರೆಸರ್ ವಾರಕ್ಕೆ 120 ಗಂಟೆ ಓಡುತ್ತಿತ್ತು. ಇಡೀ ಕಾರ್ಖಾನೆಯ ಬಳಕೆ ವಾರಕ್ಕೆ 60,000 ಯೂನಿಟ್ ಆಸುಪಾಸು. ಅದರ ಎದುರು ನಮ್ಮ ಉಳಿತಾಯ ಶೇ. 2.

ಹೀಗೆ ಒಂದೇ ಕೆಲಸಕ್ಕೆ 67, 25, 15, 2 ಅಂತ ನಾಲ್ಕು ಅಂಕಿ. 25 ತಪ್ಪು, ಅದನ್ನು ಬಿಡಿ. ಉಳಿದ ಮೂರೂ ನಿಜವೇ. ಯಾವುದನ್ನು ದಪ್ಪ ಅಕ್ಷರದಲ್ಲಿ ಹಾಕುವುದು? ನಾನು ಈಗ ಹೀಗೆ ಯೋಚಿಸುತ್ತೇನೆ: ಓದುವವರು ದುಡ್ಡು ಕೊಡುವುದು ಯಾವುದಕ್ಕೆ? ಕರೆಂಟಿಗೆ. ನಾವು ಕೈ ಇಟ್ಟದ್ದು ಎಲ್ಲಿ? ಕಂಪ್ರೆಸರ್‌ಗೆ. ಹಾಗಾಗಿ ಕಂಪ್ರೆಸರ್ ಬಳಸುವ ಕರೆಂಟ್, ಶೇ. 15. ಸೋರಿಕೆಯ ಅಂಕಿ ಕೆಳಗೆ ಬರಲಿ, ‘ಶೇ. 30ರಿಂದ 10ಕ್ಕೆ’ ಅಂತ. 67 ಅಂತ ಬರೆದರೆ ಆ 30 ಮತ್ತು 10 ಎರಡೂ ಮರೆಯಾಗುತ್ತವೆ. ಇಡೀ ಕಾರ್ಖಾನೆಯ ಶೇ. 2 ಕೂಡ ಒಂದು ಸಾಲಿನಲ್ಲಿ ಇರಬೇಕು. ಇಲ್ಲದಿದ್ದರೆ ಅವರ ಅಕೌಂಟ್ಸ್‌ನವರು ಬಿಲ್ಲಿನಲ್ಲಿ 15 ಹುಡುಕಿ, ಸಿಗದೆ, ನಮ್ಮನ್ನು ಬೈಯುತ್ತಾರೆ.

ಇದುವರೆಗಿನದು ಕಾಗದದ ಲೆಕ್ಕ. ಕಿಲೋವ್ಯಾಟನ್ನು ಹೊತ್ತಿನಿಂದ ಗುಣಿಸಿದ್ದು. ಮೀಟರ್ ಏನು ಹೇಳಿತು? ಇಲ್ಲಿ ನಮಗೆ ಅದೃಷ್ಟ ಇತ್ತು, ಜಾಣತನ ಅಲ್ಲ. ಆ ಕಂಪ್ರೆಸರ್‌ಗೆ ಬೇರೆಯೇ ಎನರ್ಜಿ ಮೀಟರ್ ಇತ್ತು. ಅಲ್ಲಿನ ಆಪರೇಟರ್ ಒಬ್ಬರು ಪ್ರತಿ ವಾರದ ಮೊದಲ ಶಿಫ್ಟ್‌ನಲ್ಲಿ ರೀಡಿಂಗನ್ನು ರಿಜಿಸ್ಟರ್‌ನಲ್ಲಿ ಬರೆಯುತ್ತಿದ್ದರು. ಯಾರೂ ಕೇಳದಿದ್ದರೂ ಬರೆಯುತ್ತಿದ್ದರು. ನಮ್ಮ ಕೆಲಸಕ್ಕೆ ಮುಂಚಿನ 12 ವಾರ, ಆಮೇಲಿನ 8 ವಾರ, ಎರಡೂ ಅದರಿಂದ ಸಿಕ್ಕಿತು.

ಮೊದಲಿನ ಸರಾಸರಿ ವಾರಕ್ಕೆ 8350 ಯೂನಿಟ್. ಆಮೇಲಿನದು 6850. ಉಳಿತಾಯ 1500 ಯೂನಿಟ್, ಶೇ. 18. ಕಾಗದದ ಲೆಕ್ಕಕ್ಕಿಂತಲೂ ಜಾಸ್ತಿ! ನಮ್ಮ ಹುಡುಗರು ಅದನ್ನೇ ಹಾಕೋಣ ಅಂದರು. ‘ಮೀಟರಿನಲ್ಲಿ ಅಳೆದದ್ದು’ ಅಂತ ಬರೆಯಬಹುದು, ಸುಳ್ಳಲ್ಲ.

ಆದರೆ ರಿಜಿಸ್ಟರ್‌ನ ಪಕ್ಕದ ಕಾಲಮ್‌ನಲ್ಲಿ ಉತ್ಪಾದನೆ ಇತ್ತು. ಮೊದಲಿನ ವಾರಗಳಲ್ಲಿ ಸರಾಸರಿ 50 ಸಾವಿರ ಪೆಟ್ಟಿಗೆ. ನಮ್ಮ ಕೆಲಸದ ನಂತರ 45 ಸಾವಿರ. ಆರ್ಡರ್ ಕಡಿಮೆ ಇದ್ದ ಕಾಲ ಅದು. ಪೆಟ್ಟಿಗೆ ಕಡಿಮೆಯಾದರೆ ಗಾಳಿಯೂ ಕಡಿಮೆ ಬೇಕು. ಅದು ನಮ್ಮ ಸಾಧನೆ ಅಲ್ಲವಲ್ಲ.

ಸರಿ, ಹಾಗಾದರೆ ಪೆಟ್ಟಿಗೆಗೆ ಎಷ್ಟು ಅಂತ ಭಾಗಿಸೋಣ ಅಂದರು ಇನ್ನೊಬ್ಬರು. ಎಲ್ಲರೂ ಮಾಡುವುದೇ ಅದು. ಮೊದಲು ಸಾವಿರ ಪೆಟ್ಟಿಗೆಗೆ 167 ಯೂನಿಟ್, ಆಮೇಲೆ 152. ಉಳಿತಾಯ ಶೇ. 9 ಮಾತ್ರ. ಈ ಸಲ ನಮಗೇ ಮೋಸ. ಯಾಕೆ ಹೀಗೆ ಅಂತ ಅರ್ಥ ಮಾಡಿಕೊಳ್ಳಲು ನನಗೆ ಒಂದು ಸಂಜೆ ಹಿಡಿಯಿತು.

ಆ 12 ವಾರಗಳನ್ನು ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಟ್ಟು ನೋಡಿದೆ. ಅಡ್ಡಕ್ಕೆ ಪೆಟ್ಟಿಗೆ, ಉದ್ದಕ್ಕೆ ಯೂನಿಟ್. ಚುಕ್ಕೆಗಳು ಹೆಚ್ಚುಕಮ್ಮಿ ಒಂದು ಗೆರೆಯ ಮೇಲೆ ಬಿದ್ದವು. ಆದರೆ ಆ ಗೆರೆ ಸೊನ್ನೆಯಿಂದ ಶುರುವಾಗಲಿಲ್ಲ. ಒಂದು ಪೆಟ್ಟಿಗೆಯೂ ಆಗದಿದ್ದರೂ ವಾರಕ್ಕೆ 5350 ಯೂನಿಟ್, ಅದರ ಮೇಲೆ ಪ್ರತಿ ಸಾವಿರ ಪೆಟ್ಟಿಗೆಗೆ 60. ಹೀಗಿತ್ತು ಲೆಕ್ಕ:

```
ಯೂನಿಟ್ = 5350 + 60 × (ಸಾವಿರ ಪೆಟ್ಟಿಗೆ)
```

ಆ 5350 ಎಲ್ಲಿಂದ? 28 ಕಿಲೋವ್ಯಾಟ್‌ನಲ್ಲಿ 120 ಗಂಟೆ ಸುಮ್ನೆ ತಿರುಗಿದರೆ 3360. ಅದರ ಮೇಲೆ, ಶೇ. 30 ಸೋರಿಕೆ ತುಂಬಲು ಲೋಡ್ ಆದಾಗಿನ ಹೆಚ್ಚುವರಿ 52 ಕಿಲೋವ್ಯಾಟ್, ಅದು 1870ರಷ್ಟು. ಎರಡೂ ಸೇರಿ 5230. ಗೆರೆ ಹೇಳಿದ್ದಕ್ಕೆ ತುಂಬಾ ಹತ್ತಿರ. ಸ್ಟಾಪ್‌ವಾಚ್ ಹೇಳಿದ್ದೂ ರಿಜಿಸ್ಟರ್ ಹೇಳಿದ್ದೂ ಹೊಂದಿಕೊಂಡಾಗ ನನಗೆ ಆದ ಸಮಾಧಾನ ಆ 67 ಬರೆದಾಗ ಆಗಿರಲಿಲ್ಲ.

ಭಾಗಿಸಿದರೆ ಯಾಕೆ ತಪ್ಪಾಯಿತು ಅನ್ನೋದೂ ಇದರಲ್ಲೇ ಇದೆ. ಪೆಟ್ಟಿಗೆ ಕಡಿಮೆಯಾದಾಗ ಆ ಖಾಯಂ ಬಳಕೆ ಕಡಿಮೆ ಪೆಟ್ಟಿಗೆಗಳ ತಲೆ ಮೇಲೆ ಬೀಳುತ್ತದೆ. ಹಾಗಾಗಿ ಪ್ರತಿ ಪೆಟ್ಟಿಗೆಯ ಅಂಕಿ ತಾನಾಗಿಯೇ ಕೆಡುತ್ತದೆ. ಉತ್ಪಾದನೆ ಏರಿದ್ದ ಕಾಲವಾಗಿದ್ದರೆ ಇದೇ ಭಾಗಾಕಾರ ನಮ್ಮನ್ನು ದೊಡ್ಡ ಸಾಧಕರನ್ನಾಗಿ ತೋರಿಸುತ್ತಿತ್ತು. ‘ಯೂನಿಟ್ ಉತ್ಪಾದನೆಗೆ ಇಷ್ಟು ಇಳಿಕೆ’ ಅಂತ ಬರೆದ ಹಾಳೆ ಸಿಕ್ಕರೆ ನಾನು ಈಗ ಮೊದಲು ಕೇಳುವುದು, ಆಗ ಉತ್ಪಾದನೆ ಏರಿತ್ತಾ ಇಳಿದಿತ್ತಾ ಅಂತ.

ಸರಿಯಾದ ಪ್ರಶ್ನೆ ಬೇರೆ. ನಾವು ಏನೂ ಮಾಡದೆ ಇದ್ದಿದ್ದರೆ, 45 ಸಾವಿರ ಪೆಟ್ಟಿಗೆಗೆ ಆ ಹಳೆಯ ವ್ಯವಸ್ಥೆ ಎಷ್ಟು ಬಳಸುತ್ತಿತ್ತು? ಗೆರೆಯಲ್ಲಿ ಹಾಕಿ: 8050. ನಿಜವಾಗಿ ಬಳಸಿದ್ದು 6850. ಉಳಿತಾಯ 1200 ಯೂನಿಟ್, ಶೇ. 15. ಕಾಗದದ ಲೆಕ್ಕದಲ್ಲಿ 10.4 ಕಿಲೋವ್ಯಾಟನ್ನು 120 ಗಂಟೆಗೆ ಗುಣಿಸಿದರೆ 1248. ಎರಡು ದಾರಿಯಿಂದ ಹೋದರೂ ಒಂದೇ ಜಾಗಕ್ಕೆ ಬಂದೆವು. ಇದು ನಾನು ಕಂಡುಹಿಡಿದ ವಿದ್ಯೆ ಏನಲ್ಲ. ಶಕ್ತಿ ಉಳಿತಾಯ ಅಳೆಯುವವರು ಬಳಸುವ ಐಪಿಎಂವಿಪಿ ಎಂಬ ಪದ್ಧತಿಯ ತಿರುಳೇ ಇದು. ಉಳಿತಾಯವನ್ನು ನೇರವಾಗಿ ಅಳೆಯಲು ಆಗೋದಿಲ್ಲ, ಆಗದೇ ಹೋದದ್ದನ್ನು ಯಾವ ಮೀಟರೂ ತೋರಿಸೋದಿಲ್ಲ. ‘ಹೀಗೆ ಆಗುತ್ತಿತ್ತು’ ಅನ್ನೋ ಅಂದಾಜಿನಿಂದ ಆದದ್ದನ್ನು ಕಳೆಯಬೇಕು.

ಅಂದಾಜು ಅಂದಮೇಲೆ ಆಚೀಚೆ ಇದ್ದೇ ಇರುತ್ತದೆ. ಹಳೆಯ 12 ವಾರಗಳ ಚುಕ್ಕೆಗಳು ಗೆರೆಯಿಂದ 200-300 ಯೂನಿಟ್ ಮೇಲೆ ಕೆಳಗೆ ಇದ್ದವು. ಆ ಚೆದುರುವಿಕೆಯಿಂದ ಲೆಕ್ಕ ಹಾಕಿದರೆ, 8 ವಾರದ ಸರಾಸರಿ ಉಳಿತಾಯಕ್ಕೆ 250ರಷ್ಟು ಆಚೀಚೆ ಅಂತ ಬಂತು. 1200ರಲ್ಲಿ ಅಷ್ಟು ಕಳೆದು ಕೂಡಿ ನೋಡಿದರೆ ಶೇ. 12ರಿಂದ 18. ಹಾಳೆಯಲ್ಲಿ ನಾವು ಹಾಕಿದ್ದು ಈ ಎರಡು ಅಂಕಿಗಳನ್ನೇ. ‘ಶೇ. 14.9’ ಅಂತ ದಶಮಾಂಶ ಹಾಕುವುದೂ ಒಂದು ಬಗೆಯ ಬಡಾಯಿ. ನಮ್ಮ ಅಳತೆಗೆ ಅಷ್ಟು ಸೂಕ್ಷ್ಮತೆ ಇರಲಿಲ್ಲ. ಇನ್ನೊಂದು ಮಾತು, 45 ಸಾವಿರ ಅನ್ನೋದು ಹಳೆಯ ವಾರಗಳು ಓಡಾಡಿದ್ದ 40ರಿಂದ 56 ಸಾವಿರದ ಒಳಗೇ ಇತ್ತು. 25 ಸಾವಿರಕ್ಕೆ ಇಳಿದಿದ್ದರೆ ಆ ಗೆರೆಯನ್ನು ಅಲ್ಲಿಯವರೆಗೆ ಎಳೆದು ಉಳಿತಾಯ ಹೇಳುವ ಧೈರ್ಯ ನಾನು ಮಾಡುತ್ತಿರಲಿಲ್ಲ.

ಎಂಟೇ ವಾರ ಯಾಕೆ ಅಂತ ಕೇಳಬಹುದು. ಒಂಬತ್ತನೇ ವಾರದಲ್ಲಿ ಅಲ್ಲಿನ ಮೇಂಟೆನೆನ್ಸ್‌ನವರು, ಸೋರಿಕೆ ಕಡಿಮೆಯಾಯಿತಲ್ಲ ಅಂತ, ಒತ್ತಡವನ್ನು 7.5 ಬಾರ್‌ನಿಂದ 7ಕ್ಕೆ ಇಳಿಸಿದರು. ಒಳ್ಳೆಯ ಕೆಲಸವೇ. 7 ಬಾರ್ ಆಸುಪಾಸಿನಲ್ಲಿ ಒಂದು ಬಾರ್ ಇಳಿಸಿದರೆ ಕಂಪ್ರೆಸರ್ ಎಳೆಯುವ ಕರೆಂಟ್ ಶೇ. 7ರಷ್ಟು ಇಳಿಯುತ್ತದೆ ಅನ್ನೋದು ಈ ಕೆಲಸದವರಿಗೆಲ್ಲ ಬಾಯಿಪಾಠ. ಅರ್ಧ ಬಾರ್‌ಗೆ ಅದರಲ್ಲಿ ಅರ್ಧ. ಉಳಿದಿದ್ದ ತೂತುಗಳಿಂದ ಸೋರುವುದೂ ಒತ್ತಡದ ಜೊತೆಗೆ ಕಡಿಮೆಯಾಗುತ್ತದೆ. ಒಂಬತ್ತನೇ ವಾರದಿಂದ ಮೀಟರ್ 6500ರ ಹತ್ತಿರ ಬಂತು. ಆಸೆ ಆಗೋದು ಇಂಥ ಕಡೆಯೇ. ಅದನ್ನೂ ಸೇರಿಸಿಕೊಂಡಿದ್ದರೆ ‘ಶೇ. 19’ ಅನ್ನಬಹುದಿತ್ತು. ನಾವು ಎಂಟಕ್ಕೆ ನಿಲ್ಲಿಸಿ, ‘ಆನಂತರ ಗ್ರಾಹಕರೇ ಒತ್ತಡ ಇಳಿಸಿದರು, ಅದರ ಫಲ ಇದರಲ್ಲಿ ಸೇರಿಲ್ಲ’ ಅಂತ ಬರೆದೆವು. ಆ ಸಾಲು ಓದಿದ ಅವರ ಮೇಂಟೆನೆನ್ಸ್ ಮುಖ್ಯಸ್ಥರು ಹಾಳೆಗೆ ಅನುಮತಿ ಕೊಡುವುದನ್ನು ಒಂದು ದಿನವೂ ತಡ ಮಾಡಲಿಲ್ಲ. ಅವರ ಕೆಲಸವನ್ನು ನಾವು ನುಂಗಲಿಲ್ಲವಲ್ಲ.

ಎಂಟು ವಾರದ್ದನ್ನು 52ಕ್ಕೆ ಎಳೆದು ‘ವರ್ಷಕ್ಕೆ ಇಷ್ಟು’ ಅನ್ನೋದನ್ನೂ ಬಿಟ್ಟೆವು. ಕಾರಣ ಇದೆ. ಸೋರಿಕೆ ಮತ್ತೆ ಬರುತ್ತದೆ. ಹೋಸ್ ಸವೆಯುತ್ತದೆ, ಫಿಟ್ಟಿಂಗ್ ನಡುಗಿ ಸಡಿಲವಾಗುತ್ತದೆ, ಯಾರೋ ಕ್ವಿಕ್ ಕಪ್ಲಿಂಗ್ ಬದಲಾಯಿಸಿ ವಾಷರ್ ಮರೆಯುತ್ತಾರೆ. ಆರು ತಿಂಗಳ ಮೇಲೆ ಒಂದು ರಜಾದಿನ ನಾವೇ ಖರ್ಚು ಹಾಕಿಕೊಂಡು ಹೋಗಿ ಮತ್ತೆ ಸ್ಟಾಪ್‌ವಾಚ್ ಹಿಡಿದೆವು. ಶೇ. 10 ಇದ್ದದ್ದು 16 ಆಗಿತ್ತು. ನನಗೆ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಒಬ್ಬರು, “ಆ ಹಾಳೆ ಅಚ್ಚಾಗಿದೆ, ಸುಮ್ನೆ ಯಾಕೆ ಕೆದಕೋದು” ಅಂದರು. ಆದರೂ ಹಾಕಿದೆವು. ಈಗ ಹಾಳೆಯ ಮೇಲ್ಭಾಗ ಹೀಗಿದೆ:

> ಪೆಟ್ಟಿಗೆ ತುಂಬುವ ಕಾರ್ಖಾನೆ. 75 ಕಿಲೋವ್ಯಾಟ್‌ನ ಒಂದು ಸ್ಕ್ರೂ ಕಂಪ್ರೆಸರ್, ಲೋಡ್-ಅನ್‌ಲೋಡ್ ಬಗೆ. 64 ಸೋರಿಕೆ ಗುರುತಿಸಿ 51 ಸರಿಪಡಿಸಿದೆವು. ಅದೇ ಪ್ರಮಾಣದ ಉತ್ಪಾದನೆಗೆ ಕಂಪ್ರೆಸರ್‌ನ ವಿದ್ಯುತ್ ಬಳಕೆ ಶೇ. 12ರಿಂದ 18ರಷ್ಟು ಇಳಿಯಿತು. (ಕೆಲಸದ ಮುಂಚಿನ 12 ವಾರ ಮತ್ತು ನಂತರದ 8 ವಾರಗಳ ಮೀಟರ್ ರೀಡಿಂಗ್.) ಇಡೀ ಕಾರ್ಖಾನೆಯ ಬಳಕೆಯಲ್ಲಿ ಇದು ಸುಮಾರು ಶೇ. 2. ಸೋರಿಕೆ ಕಂಪ್ರೆಸರ್ ಸಾಮರ್ಥ್ಯದ ಶೇ. 30ರಿಂದ 10ಕ್ಕೆ ಇಳಿದಿತ್ತು. ಆರು ತಿಂಗಳ ನಂತರದ ಪರೀಕ್ಷೆಯಲ್ಲಿ ಶೇ. 16.

ದುಡ್ಡಿನ ಲೆಕ್ಕ ಇದರಲ್ಲಿ ಇಲ್ಲ. ಯೂನಿಟ್ ದರ ಒಬ್ಬೊಬ್ಬರಿಗೆ ಒಂದೊಂದು. ಯೂನಿಟ್ ಕೊಟ್ಟರೆ ಓದುವವರು ತಮ್ಮ ದರದಿಂದ ತಾವೇ ಗುಣಿಸಿಕೊಳ್ಳುತ್ತಾರೆ. ತಮ್ಮ ಕೈಯಾರೆ ಗುಣಿಸಿದ ಅಂಕಿಯನ್ನು ಜನ ಜಾಸ್ತಿ ನಂಬುತ್ತಾರೆ ಕೂಡ.

ಗ್ರಾಹಕರ ಮಾತು ಹಾಕುವ ಬಗ್ಗೆ ಒಂದೇ ವಿಷಯ. ನಾವೇ ಬರೆದು ಸಹಿ ಹಾಕಿಸುವುದನ್ನು ಬಿಟ್ಟಿದ್ದೇವೆ. ಹಾಗೆ ಬರೆದದ್ದರಲ್ಲಿ ‘ಅತ್ಯುತ್ತಮ ಸೇವೆ’ ಬಿಟ್ಟು ಏನೂ ಬರುವುದಿಲ್ಲ. ಬದಲು, “ಏನು ಬದಲಾಗಿದ್ದು ಕಣ್ಣಿಗೆ ಬಿತ್ತು?” ಅಂತ ಕೇಳುತ್ತೇವೆ. ಆ ರಿಜಿಸ್ಟರ್ ಬರೆಯುವ ಆಪರೇಟರ್ ಹೇಳಿದ್ದು: “ಮೊದಲು ಎಲ್ಲಾ ಲೈನ್ ಒಟ್ಟಿಗೆ ಚಾಲೂ ಆದರೆ ಕೊನೆಯ ಯಂತ್ರದಲ್ಲಿ ಒತ್ತಡ ಬಿದ್ದು ಅಲಾರ್ಮ್ ಹೊಡೀತಿತ್ತು. ಈಗ ಅಷ್ಟಿಲ್ಲ.” ‘ಅಷ್ಟಿಲ್ಲ’ ಅನ್ನೋದನ್ನು ‘ಇಲ್ಲ’ ಅಂತ ತಿದ್ದಲಿಲ್ಲ. ಉತ್ಪಾದನೆಯ ಅಂಕಿ ಹೊರಗೆ ಬರೋದು ಬೇಡ ಅನ್ನುವ ಗ್ರಾಹಕರಿದ್ದರೆ, ಮೊದಲಿನ ಸರಾಸರಿಯನ್ನು 100 ಅಂತ ಇಟ್ಟು ಆಮೇಲಿನದನ್ನು 90 ಅಂತ ತೋರಿಸಿದರೆ ಸಾಕು. ಗೆರೆ ಹಾಗೇ ಇರುತ್ತದೆ, ಗುಟ್ಟೂ ಉಳಿಯುತ್ತದೆ.

ಕೊನೆಗೆ ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಸೇರಿಸುತ್ತೇನೆ. ಒಬ್ಬರು ಕೇಳಿದರು: “ನಮ್ಮ ಗ್ರಾಹಕರ ಹತ್ತಿರ ರಿಜಿಸ್ಟರೂ ಇಲ್ಲ, ಕಂಪ್ರೆಸರ್‌ಗೆ ಬೇರೆ ಮೀಟರೂ ಇಲ್ಲ. ಕೆಲಸ ಮುಗಿದೇ ಹೋಗಿದೆ. ಈಗ ಕೇಸ್ ಸ್ಟಡಿ ಬರೆಯೋದು ಹೇಗೆ?”

ನನ್ನ ಉತ್ತರ: ಕರೆಂಟಿನ ಅಂಕಿ ಬರೆಯಬೇಡಿ. ಮುಂಚಿನ ಸ್ಥಿತಿ ಅಳೆಯದೆ ಹೋದರೆ ಆಮೇಲೆ ಅದನ್ನು ಯಾರೂ ತಂದುಕೊಡಲಾರರು. ಎಷ್ಟು ಟ್ಯಾಗ್ ಕಟ್ಟಿದಿರಿ, ಎಷ್ಟು ಸರಿಮಾಡಿದಿರಿ, ಯಾವುದನ್ನು ಬಿಟ್ಟಿರಿ, ಅದನ್ನು ಬರೆಯಿರಿ. ಕಂಪ್ರೆಸರ್‌ನ ಕಂಟ್ರೋಲರ್ ಪರದೆಯಲ್ಲಿ ಒಟ್ಟು ಓಡಿದ ಗಂಟೆ ಮತ್ತು ಲೋಡ್ ಗಂಟೆ ಬೇರೆಬೇರೆ ಇರುತ್ತವೆ. ಸರ್ವಿಸ್ ಮಾಡುವವರು ಹಳೆಯ ಶೀಟಿನಲ್ಲಿ ಅವನ್ನು ಬರೆದಿಟ್ಟಿದ್ದರೆ ಕೇಳಿ ತೆಗೆದುಕೊಳ್ಳಿ. ಕೆಲಸಕ್ಕೆ ಮುಂಚಿನ ಎರಡು ಸರ್ವಿಸ್‌ಗಳ ನಡುವೆ ಎಷ್ಟು ಪಾಲು ಲೋಡ್ ಇತ್ತು ಅಂತ ಅದರಿಂದ ಸಿಗುತ್ತದೆ. ಅದು ಇದ್ದರೆ ‘ಲೋಡ್ ಹೊತ್ತು ಇಷ್ಟರಿಂದ ಇಷ್ಟಕ್ಕೆ ಇಳಿಯಿತು, ಉತ್ಪಾದನೆಯ ಏರಿಳಿತವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ’ ಅಂತ ಬರೆಯಬಹುದು. ಮುಂದಿನ ಕೆಲಸಕ್ಕೆ ಮಾತ್ರ, ಮೊದಲ ಟ್ಯಾಗ್ ಕಟ್ಟುವ ಮುಂಚೆ ಒಂದು ರಜಾದಿನ ಸ್ಟಾಪ್‌ವಾಚ್ ಹಿಡಿದು ಅರ್ಧ ಗಂಟೆ ನಿಲ್ಲಿ. ವೇಗ ಬದಲಾಗುವ ಕಂಪ್ರೆಸರ್ ಆಗಿದ್ದರೆ ಈ ಸ್ಟಾಪ್‌ವಾಚ್ ಉಪಾಯ ನಡೆಯೋದಿಲ್ಲ. ಅಲ್ಲಿ ಗಾಳಿಯ ಫ್ಲೋ ಮೀಟರಿನಂಥ ಬೇರೆ ದಾರಿ ಬೇಕು.